ಪರದೆಯೊಳಗಿನ ಒಂಟಿ ಸೊಳ್ಳೆ

ಪರದೆಯ ಹೊರಗೆ ನೂರು ಸೊಳ್ಳೆ ಗುಂಯ್‌ಗುಟ್ಟಿದರೂ ಅದು ಲಾಲಿ ಹಾಡಿನ ಹಾಗೆ. ಒಳಗೆ ಒಂದೇ ಒಂದು ಸೇರಿಕೊಂಡಿತೋ, ಮುಗಿಯಿತು. ಹೊರಗಿದ್ದ ಸೊಳ್ಳೆ ಫ್ಯಾನ್ ಗಾಳಿಗೆ ಬೇಸತ್ತು ಪಕ್ಕದ ಕೋಣೆಗಾದರೂ ಹೋದೀತು. ಒಳಗೆ ಸಿಕ್ಕಿಕೊಂಡದ್ದಕ್ಕೆ ಹೋಗಲು ದಾರಿಯಿಲ್ಲ, ಗಾಳಿಯ ಕಾಟವಿಲ್ಲ, ಊಟವಂತೂ ಎದುರಿಗೇ ಮಲಗಿದೆ. ರಾತ್ರಿ ಒಂದು ಗಂಟೆಗೆ ದೀಪ ಹತ್ತುತ್ತದೆ. "ರೀ, ನಿಮ್ಮ ಕಡೆಯಿಂದಲೇ ಬಂದಿದ್ದು", "ನೀನು ನೀರು ಕುಡಿಯೋಕೆ ಎದ್ದಾಗ ಬಂದಿದ್ದು ಕಣೇ" ಎಂಬ ವಿಚಾರಣೆ ಶುರುವಾಗುತ್ತದೆ. ಆರೋಪಿ ಅಷ್ಟು ಹೊತ್ತಿಗೆ ಪರದೆಯ ಮೂಲೆಯಲ್ಲಿ ಕೂತು ಇಬ್ಬರ ವಾದವನ್ನೂ ಕೇಳುತ್ತಿರುತ್ತದೆ.

ಆರೋಪಿ ಅಂದೆ, ಆರೋಪಿತೆ ಅನ್ನಬೇಕು. ಕಚ್ಚುವುದು ಹೆಣ್ಣು ಮಾತ್ರ, ಅದೂ ಮೊಟ್ಟೆಯಿಡಲು ರಕ್ತ ಬೇಕೆಂದು. ಗಂಡು ಸೊಳ್ಳೆ ಹೂವಿನ ರಸ ಕುಡಿದುಕೊಂಡಿರುವ ಸಾಧು. ಹೆಣ್ಣು ನಮ್ಮ ಉಸಿರಿನ ಜಾಡು ಹಿಡಿದು ಬರುತ್ತದೆ, ಹಾಗಾಗಿ ಮುಖದ ಸುತ್ತ ಸುಳಿಯುತ್ತದೆ. ಸೆಕೆಂಡಿಗೆ ನಾನೂರೈನೂರು ಸಲ ಬಡಿಯುವ ಆ ರೆಕ್ಕೆಯ ಸದ್ದು ಸಣ್ಣದು, ಕಿವಿಯ ಹತ್ತಿರ ಬಂದರಷ್ಟೇ ಕೇಳುತ್ತದೆ. ಕಾಲಿನ ಹತ್ತಿರ ಸುಳಿದದ್ದು ಸದ್ದಿಲ್ಲದೆ ಊಟ ಮುಗಿಸಿ ಹೋಗಿರುತ್ತದೆ, ನಮಗೆ ಗೊತ್ತಾಗುವುದು ಬೆಳಿಗ್ಗೆ ತುರಿಕೆಯಲ್ಲಿ.

ಈ ಒಂಟಿ ಸೊಳ್ಳೆ ಒಳಗೆ ಬಂದದ್ದು ಹೇಗೆ? ಹೆಚ್ಚಿನ ಮನೆಗಳಲ್ಲಿ ಅದು ರಾತ್ರಿ ಬರುವುದೇ ಇಲ್ಲ, ಸಂಜೆಯೇ ಬಂದು ಕೂತಿರುತ್ತದೆ. ಬೆಳಿಗ್ಗೆ ಎದ್ದವರು ಪರದೆಯನ್ನು ಮೇಲಕ್ಕೆಸೆದು ಹೋಗುತ್ತಾರೆ. ನೇತಾಡುವ ಆ ಮಡಿಕೆಗಳೆಂದರೆ ಹಗಲು ಕತ್ತಲೆ ಹುಡುಕುವ ಸೊಳ್ಳೆಗೆ ಬಾಡಿಗೆಯಿಲ್ಲದ ಮನೆ. ರಾತ್ರಿ ಹತ್ತಕ್ಕೆ ಪರದೆ ಇಳಿಸಿ ಅಂಚು ಸಿಕ್ಕಿಸುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ, ಕೊಳ್ಳೆಗಾರರನ್ನು ಒಳಗಿಟ್ಟೇ ಹಾಕಿದ ಹಾಗೆ. ಆದ್ದರಿಂದ ಬೆಳಿಗ್ಗೆ ಪರದೆಯನ್ನು ಚೆನ್ನಾಗಿ ಕೊಡವಿ, ಹಗ್ಗದಂತೆ ಹೊಸೆದು, ಗಂಟು ಹಾಕಿ ಮೇಲೆ ಕಟ್ಟಬೇಕು. ಸಂಜೆ ದೇವರ ದೀಪ ಹಚ್ಚುವ ಮೊದಲೇ ಇಳಿಸಿ, ಸುತ್ತಲೂ ಹಾಸಿಗೆಯಡಿಗೆ ಸಿಕ್ಕಿಸಿಬಿಡಬೇಕು. ಕೋಣೆಯ ಕಿಟಕಿ ಮುಚ್ಚುವ ಹೊತ್ತೂ ಅದೇ.

ಎರಡನೆಯ ದಾರಿ ನಾವೇ. ಬಾತ್‌ರೂಮಿಗೆ ಹೋಗಿ ಬಂದವರು ಪರದೆಯನ್ನು ನಾಟಕದ ಅಂಕದ ಪರದೆಯಂತೆ ಸರ್ರನೆ ಎತ್ತಿ ಪ್ರವೇಶ ಮಾಡುತ್ತಾರೆ, ಹಿಂದೆ ಪರಿವಾರವೂ ಬರುತ್ತದೆ. ಮಲಗಿದವರ ಉಸಿರಿಗೆ ಬಂದ ಸೊಳ್ಳೆಗಳು ಪರದೆಯ ಹೊರಮೈಯಲ್ಲೇ ಕಾಯುತ್ತಿರುತ್ತವೆ. ಮೊದಲು ಟವೆಲ್ಲಿನಿಂದ ಎತ್ತುವ ಜಾಗಕ್ಕೆ ಎರಡು ಸಲ ಬೀಸಿ. ಒಂದು ಮೊಳಕ್ಕಿಂತ ಹೆಚ್ಚು ಎತ್ತಬೇಡಿ. ಹಿಂಬದಿಯಿಂದ ಕೂತು, ತಲೆ ಒಳಗೆ ಎಳೆದು, ಕೊನೆಗೆ ಕಾಲು ಮಡಚಿಕೊಂಡು, ಅಲ್ಲೇ ಅಂಚು ಸಿಕ್ಕಿಸಿ. ನೋಡಲು ಗಾಂಭೀರ್ಯವಿಲ್ಲ ನಿಜ, ಆದರೆ ಆ ಹೊತ್ತಿನಲ್ಲಿ ನೋಡುವವರು ಯಾರು?

ಮೂರನೆಯದು ಮೋಸದ ದಾರಿ. ಸೊಳ್ಳೆ ಒಳಗೆ ಬರುವುದೇ ಇಲ್ಲ, ಹೊರಗೆ ನಿಂತೇ ಕೆಲಸ ಮುಗಿಸುತ್ತದೆ. ನಿದ್ದೆಯಲ್ಲಿ ಮೊಣಕೈ ಪರದೆಗೆ ಒತ್ತಿಕೊಂಡಿದ್ದರೆ ಅದರ ಸೂಜಿಗೆ ಜಾಲರಿಯ ಕಣ್ಣು ಧಾರಾಳವಾಗಿ ಸಾಕು. ಬೆಳಿಗ್ಗೆ ಮೊಣಕೈಯಲ್ಲೋ ಹಿಮ್ಮಡಿಯ ಪಕ್ಕದಲ್ಲೋ ಸಾಲಾಗಿ ದದ್ದು ಕಂಡು, ಒಳಗೆ ಒಂದೂ ಸೊಳ್ಳೆ ಸಿಗದಿದ್ದರೆ ಇದೇ ಆಗಿದ್ದು ಎಂದು ತಿಳಿಯಿರಿ. ತೂತು ಹುಡುಕಿ ಪ್ರಯೋಜನವಿಲ್ಲ.

ಇದಕ್ಕೆ ಮದ್ದು ಪರದೆ ಕೊಳ್ಳುವಾಗಿನ ಲೆಕ್ಕದಲ್ಲಿದೆ. ನಾಲ್ಕು ಅಡಿ ಅಗಲ, ಆರೂಕಾಲು ಅಡಿ ಉದ್ದದ ಮಂಚ, ಐದು ಇಂಚಿನ ಹಾಸಿಗೆ ಎಂದಿಟ್ಟುಕೊಳ್ಳಿ. ಒಳಗೆ ಕೂತಾಗ ತಲೆ ತಾಗಬಾರದು ಎಂದರೆ ಹಾಸಿಗೆಯ ಮೇಲೆ ಮೂರೂವರೆ ಅಡಿ, ಅಂದರೆ 42 ಇಂಚು ಬೇಕು. ಹಾಸಿಗೆಯ ದಪ್ಪ ಇಳಿಯಲು 5 ಇಂಚು, ಹಾಸಿಗೆಯಡಿಗೆ ಸಿಕ್ಕಿಸಲು ಒಂದು ಗೇಣು, 9 ಇಂಚು. ಹಗ್ಗ ಸಡಿಲಾಗಿ ಜೋಲುವುದಕ್ಕೆ 4 ಇಂಚು ಸೇರಿಸಿದರೆ 60 ಇಂಚು, ಐದು ಅಡಿ ಎತ್ತರದ ಪರದೆ. ನಾಲ್ಕು ಅಡಿಯದು ಅಗ್ಗವೆಂದು ತಂದವರು ಸಿಕ್ಕಿಸುವ ಗೇಣನ್ನೇ ಕಳೆದುಕೊಳ್ಳುತ್ತಾರೆ. ಮಗ್ಗುಲು ಬದಲಿಸಿದಾಗಲೆಲ್ಲ ಅಂಚು ಹೊರಗೆ ಜಾರುತ್ತದೆ. ಮೇಲ್ಛಾವಣಿ ಹಾಸಿಗೆಗಿಂತ ಚಿಕ್ಕದಾದರೆ ಗೋಡೆಗಳು ಗೋಪುರದಂತೆ ಓರೆಯಾಗಿ ಪಾದದ ಮೇಲೆ ಬರುತ್ತವೆ. ಉದ್ದಗಲ ಎರಡರಲ್ಲೂ ಹಾಸಿಗೆಗಿಂತ ಕಡಿಮೆ ಇರಬಾರದು.

ಇಷ್ಟಾದರೂ ಮೊಣಕೈ ಸಮಸ್ಯೆ ಹೋಗದು, ಏಕೆಂದರೆ ಪರದೆ ಹಾಸಿಗೆಯ ಅಂಚಿಗೆ ಅಂಟಿಕೊಂಡೇ ಕೆಳಗಿಳಿಯುತ್ತದೆ. ಹಳೆಯ ಕಾಲದ ಪರದೆಗಳಿಗೆ ಕೆಳಗೆ ದಪ್ಪ ಬಟ್ಟೆಯ ಪಟ್ಟಿ ಇರುತ್ತಿದ್ದದ್ದು ಅಂದಕ್ಕಲ್ಲ, ಇದಕ್ಕೇ. ಈಗಿನವುಗಳಲ್ಲಿ ಪಟ್ಟಿಯಿದ್ದರೂ ಒಂದು ಅಡಿಯೊಳಗೇ ಮುಗಿಯುತ್ತದೆ. ನಮ್ಮ ಲೆಕ್ಕದಲ್ಲಿ ಹಾಸಿಗೆಯ ದಪ್ಪ 5, ಸಿಕ್ಕಿಸಿದ್ದು 9, ಒಟ್ಟು 14 ಇಂಚು ಕಣ್ಣಿಗೆ ಕಾಣದೆ ಹೋಯಿತು. ಅಡಿ ಪಟ್ಟಿ ಪೂರ್ತಿ ಹಾಸಿಗೆಯಡಿಗೇ! ಹಳೆಯ ಬೆಡ್‌ಶೀಟು ಹರಿದು, ಎರಡು ಪದರ ಮಾಡಿ, ಎರಡು ಅಡಿ ಅಗಲದ ಪಟ್ಟಿಯನ್ನು ಟೈಲರ್ ಹತ್ತಿರ ಕೆಳಭಾಗಕ್ಕೆ ಒಳಗಿನಿಂದ ಹೊಲಿಸಿದರೆ ಮಲಗಿದವರ ಮೈಯ ಮಟ್ಟದಲ್ಲಿ ಹತ್ತು ಇಂಚಿನ ಗೋಡೆ ಸಿಗುತ್ತದೆ. ಮೊಣಕೈ ಅಲ್ಲಿ ಹಾಯಾಗಿ ಒರಗಲಿ.

ತೂತು ಹುಡುಕುವುದು ರಾತ್ರಿಯ ಕೆಲಸ. ದೀಪ ಆರಿಸಿ, ಒಬ್ಬರು ಒಳಗಿಂದ ಮೊಬೈಲ್ ಟಾರ್ಚನ್ನು ಬಟ್ಟೆಗೆ ಹತ್ತಿರ ಹಿಡಿದು ನಿಧಾನವಾಗಿ ಸರಿಸಬೇಕು, ಹೊರಗಿನವರು ನೋಡಬೇಕು. ತೂತಿದ್ದ ಕಡೆ ಬೆಳಕು ಚುಚ್ಚುತ್ತದೆ. ಸೂಜಿ ದಾರದಲ್ಲಿ ನೇಯ್ದ ಹಾಗೆ ಹೊಲಿಯಿರಿ. ಸೆಲೋ ಟೇಪ್ ಒಂದು ಒಗೆತಕ್ಕೆ ರಾಜೀನಾಮೆ ಕೊಡುತ್ತದೆ. ಅಂದಹಾಗೆ, ಔಷಧಿ ಲೇಪಿತ ಪರದೆಯಾದರೆ ಮೈ ತಾಗಿದರೂ, ಸಣ್ಣ ತೂತಾದರೂ ಅಷ್ಟು ಭಯವಿಲ್ಲ, ಕೂತ ಸೊಳ್ಳೆಯೇ ಸಾಯುತ್ತದೆ. ಆದರೆ ಅದನ್ನು ಪದೇಪದೇ ಒಗೆಯಬಾರದು. ಸುಮಾರು 20 ಒಗೆತ ತಡೆಯುವಂತೆ ಮಾಡಿರುತ್ತಾರೆ. ಮೂರು ತಿಂಗಳಿಗೊಮ್ಮೆ ಸಾದಾ ಸೋಪಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ. ಆ ನೀರನ್ನು ಕೆರೆಗೋ ಹಳ್ಳಕ್ಕೋ ಚೆಲ್ಲಬೇಡಿ, ಮೀನಿಗೆ ವಿಷ.

ಇನ್ನು ಕಾಯಿಲ್. ಪರದೆಯಿದ್ದೂ ಮನಸ್ಸಿಗೆ ಸಮಾಧಾನವಿಲ್ಲದವರು ಮಂಚದ ಕೆಳಗೆ ಕಾಯಿಲ್ ಹಚ್ಚಿಡುತ್ತಾರೆ. ಪಾಲಿಯೆಸ್ಟರ್ ಪರದೆ, ಕೆಳಗೆ ಕೆಂಡ. ಸೊಳ್ಳೆಗಿಂತ ಬೇಗ ನಿದ್ದೆಗೆಡಿಸುವ ಜೋಡಿ ಇದು. ಜಪಾನಿನ ಎಯಿಚಿರೊ ಉಯೆಯಾಮಾ 1890ರ ಸುಮಾರಿಗೆ ಮೊದಲು ಮಾಡಿದ್ದು ಊದುಬತ್ತಿಯಂಥ ನೇರ ಕಡ್ಡಿ, ಅದು ಬೇಗ ಉರಿದು ಹೋಗುತ್ತಿತ್ತು. ಸುರುಳಿ ಮಾಡಿ ಎಂದು ಸಲಹೆ ಕೊಟ್ಟದ್ದು ಅವರ ಹೆಂಡತಿ ಯೂಕಿ, ಅದರಿಂದ ಇಡೀ ರಾತ್ರಿ ಉರಿಯುವಂತಾಯಿತು. ಈಗಿನ ಕಾಯಿಲ್ಲಿನಲ್ಲಿ ಔಷಧಿ ಚಿಟಿಕೆಯಷ್ಟೇ, ಉಳಿದದ್ದು ಮರದ ಪುಡಿ, ಅಂಟು. ಸೊಳ್ಳೆಯನ್ನು ಕೆಡವುವುದು ಹೊಗೆಯಲ್ಲ. ಕೆಂಡದ ಹಿಂದಿನ ಬಿಸಿಯಾದ ಭಾಗದಿಂದ ಆವಿಯಾಗುವ ಔಷಧಿ. ಹೊಗೆ ನಮ್ಮ ಪಾಲಿಗೆ. ಮುಚ್ಚಿದ ಕೋಣೆಯಲ್ಲಿ ಒಂದು ಕಾಯಿಲ್ ಉರಿದರೆ ಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಎಂದು 2003ರ ಅಧ್ಯಯನವೊಂದು ಅಳೆದು ಹೇಳಿತು. ಜೀವಮಾನದಲ್ಲಿ ಬೀಡಿ ಮುಟ್ಟದ ಅಜ್ಜಿಗೆ ಇದನ್ನು ಹೇಳಿದರೆ ನಂಬುವುದಿಲ್ಲ. ಕಾಯಿಲ್ಲಿನ ಜಾಗ ಜಗಲಿ, ತಗಡಿನ ಸ್ಟ್ಯಾಂಡಿನ ಮೇಲೆ, ಗಾಳಿ ಬರುವ ಕಡೆಗೆ. ಜೋಡಿ ಸುರುಳಿಯನ್ನು ಬಿಡಿಸುವಾಗ ನಡುವಿನಿಂದ ಎಳೆದರೆ ಎರಡೂ ಮುರಿಯುತ್ತವೆ, ಹೊರ ತುದಿಯಿಂದ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬರಬೇಕು.

ಲಿಕ್ವಿಡ್ ಮಿಷನ್ ಹೊಗೆಯಿಲ್ಲದ್ದು, ಆದರೆ ಸ್ವಿಚ್ ಹಾಕಿದ ಕೂಡಲೇ ಕೆಲಸವಾಗದು. ಒಳಗಿನ ಬಳೆ ಬಿಸಿಯಾಗಿ, ಬತ್ತಿ ಹೀರಿ, ಕೋಣೆ ತುಂಬಲು ಅರ್ಧ ಗಂಟೆ ಬೇಕು. ಮಲಗುವ ಮೊದಲೇ ಹಾಕಿಡಿ, ಬಾಟಲಿ ನೆಟ್ಟಗೆ ನಿಲ್ಲುವ ಪ್ಲಗ್ಗಿಗೇ ಹಾಕಿ. ಜಾಲರಿಯಿರುವ ಕಿಟಕಿ ಸ್ವಲ್ಪ ತೆರೆದಿರಲಿ. ಬಾಟಲಿ ತುಂಬಿದ್ದೂ ತಿಂಗಳಾದರೂ ಇಳಿಯದಿದ್ದರೆ ಖುಷಿಪಡಬೇಡಿ, ಬತ್ತಿ ಕಟ್ಟಿಕೊಂಡಿದೆ. ಸೊಳ್ಳೆಗಳು ಅದರ ಕೆಂಪು ದೀಪದ ಬೆಳಕಿನಲ್ಲಿ ಊಟ ಮಾಡುತ್ತಿವೆ. ಮಗು ಆ ದ್ರವ ಕುಡಿದುಬಿಟ್ಟರೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಸೀಮೆಎಣ್ಣೆಯಂಥ ದ್ರಾವಣ ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಬಾಟಲಿ ಸಮೇತ ಆಸ್ಪತ್ರೆಗೆ ಓಡಿ. ಕೀಂ ಎನ್ನುವ ಅಲ್ಟ್ರಾಸಾನಿಕ್ ಡಬ್ಬಿಯ ಬಗ್ಗೆ ಹೇಳುವುದೇನೂ ಇಲ್ಲ, ಅದನ್ನು ಸೊಳ್ಳೆ ಕೇಳಿಸಿಕೊಂಡ ಪುರಾವೆಯೇ ಇಲ್ಲ. ಸ್ಪ್ರೇ ಹೊಡೆದ ಕೋಣೆಯಲ್ಲಿ ಬ್ಯಾಟ್ ಬೀಸುವವರಿಗೆ ಒಂದೇ ಮಾತು: ಸ್ಪ್ರೇ ಉರಿಯುತ್ತದೆ, ಬ್ಯಾಟ್ ಕಿಡಿ ಹಾರಿಸುತ್ತದೆ.

ಫ್ಯಾನ್ ಮಾತ್ರ ನಿಜವಾದ ಗೆಳೆಯ. ಸೊಳ್ಳೆ ದುರ್ಬಲ ಹಾರುಗಾರ, ಜೋರು ಗಾಳಿಯಲ್ಲಿ ಇಳಿಯಲಾರದು, ನಮ್ಮ ಉಸಿರಿನ ಜಾಡೂ ಚದುರುತ್ತದೆ. ಆದರೆ ಪರದೆ ಗಾಳಿಯನ್ನು ತಡೆಯುತ್ತದೆ, ಸೆಖೆಗೆ ಬೇಸತ್ತು ನಡುರಾತ್ರಿ ಪರದೆ ಕಿತ್ತೆಸೆಯುವುದು ಇದಕ್ಕೇ. ಸ್ಟ್ಯಾಂಡ್ ಫ್ಯಾನನ್ನು ಕಾಲಿನ ಕಡೆ ಹಾಸಿಗೆಯ ಮಟ್ಟಕ್ಕೆ ಇಟ್ಟರೆ ಸಾಕಷ್ಟು ಗಾಳಿ ಒಳಗೆ ಬರುತ್ತದೆ. ಸೀಲಿಂಗ್ ಫ್ಯಾನ್ ಆದರೆ ಪರದೆಯ ಹಗ್ಗವನ್ನು ವೀಣೆಯ ತಂತಿಯಂತೆ ಬಿಗಿಯಬೇಕು, ಇಲ್ಲವಾದರೆ ಛಾವಣಿ ಹೊಟ್ಟೆ ಬಿಟ್ಟುಕೊಂಡು ಮೂಗಿನ ಮೇಲೆ ಬರುತ್ತದೆ.

ಈಗ ಒಂಟಿ ಸೊಳ್ಳೆಯ ಬೇಟೆ. ಟಾರ್ಚನ್ನು ನೇರ ಹಿಡಿಯದೆ ಪರದೆಯ ಮೈಗುಂಟ ಓರೆಯಾಗಿ ಬಿಡಿ, ಕೂತ ಸೊಳ್ಳೆಯ ನೆರಳು ಅದಕ್ಕಿಂತ ಉದ್ದವಾಗಿ ಬೀಳುತ್ತದೆ. ಮೊದಲು ಮೇಲಿನ ನಾಲ್ಕು ಮೂಲೆ, ಆಮೇಲೆ ದಿಂಬಿನ ಹಿಂದೆ. ಮೈ ಪರದೆಗೆ ಸಮಾನವಾಗಿ, ಗೂನು ಬೆನ್ನಿನಲ್ಲಿ ಕೂತಿದ್ದರೆ ಚರಂಡಿ ನೀರಿನ ಕ್ಯೂಲೆಕ್ಸ್. ಹಿಂಭಾಗ ಎತ್ತಿ ಓರೆಯಾಗಿ ಕೂತಿದ್ದರೆ ಮಲೇರಿಯಾ ಹರಡುವ ಅನಾಫಿಲಿಸ್ ಇರಬಹುದು. ಚಪ್ಪಾಳೆ ಹೊಡೆದರೆ ಕೈಯ ಗಾಳಿಗೇ ಜಾರಿಕೊಳ್ಳುತ್ತದೆ. ಎಣ್ಣೆ ಸವರಿದ ತಟ್ಟೆ ಬೀಸುವ ಹಳೆಯ ಉಪಾಯ ಅಂಗಳದಲ್ಲಿ ಚೆಂದ, ಹಾಸಿಗೆಯ ಮೇಲೆ ಬೇಡ. ಕೂತ ಜಾಗಕ್ಕೆ ಸ್ಟೀಲ್ ಲೋಟ ಕವುಚಿ, ಹೊರಗಿನಿಂದ ಇನ್ನೊಂದು ಕೈಯಿಂದ ಬಟ್ಟೆಯನ್ನು ಲೋಟದೊಳಕ್ಕೆ ಒತ್ತಿಬಿಡಿ. ಹೊರಗಿನ ಆ ಕೈ ಯಾರದು ಎಂಬುದಕ್ಕೆ ಮತ್ತೆ ಜಗಳ ಆಗುವುದುಂಟು, ಹೊರಗೆ ಹೋದವರು ಒಳಗೆ ಬರುವಾಗ ಇನ್ನೆರಡನ್ನು ಕರೆತರುವುದೂ ಉಂಟು.

ಅಂತೂ ಬೆಳಗಾಗುತ್ತದೆ. ರಾತ್ರಿ ಪಾಳಿಯವು ಹೊಟ್ಟೆ ತುಂಬಿಸಿಕೊಂಡು ಪರದೆ, ಬಟ್ಟೆಗಳ ಹಿಂದೆ ಒರಗುತ್ತವೆ. ಬೆಂಗಳೂರಿನಲ್ಲಿ 1883ರಲ್ಲಿ ಸೇನಾ ವೈದ್ಯನಾಗಿದ್ದ ರೊನಾಲ್ಡ್ ರಾಸ್, ಬಂಗಲೆಯ ಹೊರಗಿನ ತೊಟ್ಟಿಯಲ್ಲಿ ಸೊಳ್ಳೆ ಹುಟ್ಟುವುದನ್ನು ಕಂಡು ತೊಟ್ಟಿಯನ್ನೇ ಬೋರಲು ಹಾಕಿದರಂತೆ. ನಾವಾದರೋ ತೊಟ್ಟಿಯನ್ನು ಬಿಟ್ಟು ಪರದೆ ಹೊಸೆದು ಕಟ್ಟುತ್ತಿರುತ್ತೇವೆ. ಅಷ್ಟರಲ್ಲಿ ಬಾತ್‌ರೂಮಿನ ಬಕೆಟ್ಟಿನ ಕಡೆಯಿಂದ, ಕಾಲಿಗೆ ಬಿಳಿ ಪಟ್ಟೆ ಹಾಕಿಕೊಂಡು, ಡೆಂಗಿಯ ಈಡಿಸ್ ಹಗಲು ಪಾಳಿಗೆ ಹಾಜರಾಗುತ್ತದೆ. ಮಧ್ಯಾಹ್ನ ಮಗುವನ್ನು ಮಲಗಿಸುವಾಗ ಆ ಗಂಟು ಬಿಚ್ಚಿ ಪರದೆ ಮತ್ತೆ ಇಳಿಸಬೇಕು.