ಬೇಟೆಯನ್ನು ಕೈಬಿಟ್ಟ ದಿನ ಎಂಬುದೊಂದು ಇರಲೇ ಇಲ್ಲ

ಅಲೆಮಾರಿಯಾಗಿದ್ದ ಮನುಷ್ಯ, ಬಿದ್ದ ಬೀಜ ಮೊಳೆಯುವುದನ್ನು ಕಂಡು, ಬೇಟೆಯ ಪಾಡು ಸಾಕೆಂದು ಹೊಲ ಮಾಡಿ, ಆಮೇಲೆ ಹೊಲದ ಪಕ್ಕದಲ್ಲಿ ಮನೆ ಕಟ್ಟಿಕೊಂಡ ಎಂಬ ಕಥೆಯನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಈ ಕಥೆಯ ಕ್ರಮವೇ ತಪ್ಪು ಎನ್ನಲು ನನಗೆ ಒಂದು ದಿಬ್ಬ ಸಾಕು: ಉತ್ತರ ಸಿರಿಯಾದಲ್ಲಿ ಯೂಫ್ರಟಿಸ್ ನದಿಯ ದಂಡೆಯಲ್ಲಿದ್ದ ಅಬು ಹುರೇರಾ. ಅಣೆಕಟ್ಟಿನ ನೀರು ಅದನ್ನು ಮುಳುಗಿಸುವ ಮೊದಲು, 1972 ಮತ್ತು 1973ರಲ್ಲಿ ಆ್ಯಂಡ್ರೂ ಮೂರ್ ಅವರ ತಂಡ ಅಲ್ಲಿ ಉತ್ಖನನ ನಡೆಸಿತು. ಅಗೆದ ಮಣ್ಣನ್ನು ನೀರಿಗೆ ಹಾಕಿ, ತೇಲಿ ಬಂದ ಸುಟ್ಟ ಕಾಳುಗಳನ್ನು ಸೋಸಿ ತೆಗೆದದ್ದರಿಂದ, ಅಲ್ಲಿನ ಜನ ಏನು ತಿನ್ನುತ್ತಿದ್ದರು ಎಂಬುದು ಇಂದು ನಮಗೆ ಸಾಕಷ್ಟು ವಿವರವಾಗಿ ಗೊತ್ತಿದೆ.

ಸುಮಾರು 13,000 ವರ್ಷಗಳ ಹಿಂದೆ ಅಲ್ಲಿ ಮೊದಲು ನೆಲೆಸಿದವರು ರೈತರಲ್ಲ. ನೆಲದಲ್ಲಿ ಗುಳಿ ತೋಡಿ, ಮೇಲೆ ಸೂರು ಹೊದಿಸಿದ ಗುಡಿಸಲುಗಳಲ್ಲಿ ಅವರು ವಾಸವಾಗಿದ್ದರು. ವಸಂತದಲ್ಲಿ ಗೆಜೆಲ್ ಎಂಬ ಹುಲ್ಲೆಗಳು ಹಿಂಡುಹಿಂಡಾಗಿ ಆ ದಾರಿಯಲ್ಲಿ ಬರುತ್ತಿದ್ದವು, ಅವುಗಳನ್ನು ಒಟ್ಟಿಗೆ ಬೇಟೆಯಾಡುತ್ತಿದ್ದರು. ಉಳಿದ ತಿಂಗಳುಗಳಿಗೆ ನೂರಕ್ಕೂ ಹೆಚ್ಚು ಬಗೆಯ ಕಾಡು ಬೀಜ, ಹಣ್ಣು, ಗೆಡ್ಡೆಗಳಿದ್ದವು. ಹೊಲವಿಲ್ಲದೆಯೂ ಊರು ಇತ್ತು. ಕಾಡುಗೋಧಿಯ ಆಸರೆಯೇ ಇದಕ್ಕೆ ಸಾಕಾಗಿರಬಹುದು ಎಂಬುದನ್ನು ಸಸ್ಯವಿಜ್ಞಾನಿ ಜ್ಯಾಕ್ ಹಾರ್ಲನ್ 1960ರ ದಶಕದಲ್ಲಿ ಟರ್ಕಿಯ ಗುಡ್ಡದ ಮೇಲೆ ಸ್ವತಃ ಕೊಯ್ದು ತೋರಿಸಿದ್ದಾರೆ: ಚಕಮಕಿ ಕಲ್ಲಿನ ಅಲಗು ಕೂರಿಸಿದ ಕುಡುಗೋಲಿನಿಂದ ಗಂಟೆಗೆ ಹೆಚ್ಚುಕಡಿಮೆ ಒಂದು ಕಿಲೋ ಶುದ್ಧ ಕಾಳು ಸಿಕ್ಕಿತು. ಒಂದು ಕುಟುಂಬ ಮೂರು ವಾರ ದುಡಿದರೆ ವರ್ಷದ ಊಟಕ್ಕೆ ಆಗಿ ಮಿಗುವಷ್ಟು ಎಂಬುದು ಅವರ ಲೆಕ್ಕ. ಇಂಥ ಕಣಜ ಕಾಲಬುಡದಲ್ಲೇ ಇರುವಾಗ ಉಳುವ ಉಸಾಬರಿ ಯಾರಿಗೆ ಬೇಕಿತ್ತು?

ಬೇಕಾದದ್ದು ಆಮೇಲೆ. ಸುಮಾರು 12,900 ವರ್ಷಗಳ ಹಿಂದೆ ಹವೆ ಮತ್ತೆ ತಣ್ಣಗಾಗಿ, ಒಣಗಿ, ಸಾವಿರ ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಉಳಿಯಿತು. ತೇವ ಬೇಡುವ ಕಾಡುಕಾಳುಗಳು ಅಬು ಹುರೇರಾದ ಪದರಗಳಿಂದ ಒಂದೊಂದಾಗಿ ಮರೆಯಾಗುತ್ತವೆ, ಉತ್ತ ನೆಲದಲ್ಲಿ ಬೆಳೆಯುವ ಕಳೆಗಳ ಬೀಜ ಹೆಚ್ಚುತ್ತದೆ. ಆ ಜನ ಆಗಲೇ ರೈ ಧಾನ್ಯ ಬಿತ್ತತೊಡಗಿದ್ದರು ಎಂದು ಸಸ್ಯತಜ್ಞ ಗಾರ್ಡನ್ ಹಿಲ್‌ಮನ್ ವಾದಿಸಿದರು. ಕಾಳುಗಳು ತೀರ ಕಡಿಮೆ ಎಂದು ಇದನ್ನು ಒಪ್ಪದವರಿದ್ದಾರೆ, ಅವರ ಸಂಶಯವೂ ನ್ಯಾಯವಾದದ್ದೇ. ಆದರೆ ಊರು ಮೊದಲು, ಬಿತ್ತನೆ ಆಮೇಲೆ ಎಂಬ ಮಾತಿಗೆ ಈ ಜಗಳದಿಂದ ಬಾಧೆಯಿಲ್ಲ.

ಬಿತ್ತಿದ ಮಾತ್ರಕ್ಕೆ ಕಾಡುಗೋಧಿ ನಾಡಗೋಧಿ ಆಗುವುದಿಲ್ಲ. ಕಾಡು ತೆನೆ ಮಾಗಿದೊಡನೆ ತಾನೇ ಬಿರಿದು ಕಾಳು ನೆಲಕ್ಕೆ ಉದುರುತ್ತದೆ. ಅಲ್ಲೊಂದು ಇಲ್ಲೊಂದು ಉದುರದ ತೆನೆ ಇರುತ್ತದೆ. ಕಾಡಿನಲ್ಲಿ ಅದರ ವಂಶ ಬೆಳೆಯುವುದು ಕಷ್ಟ, ಕುಡುಗೋಲಿಗೆ ಮಾತ್ರ ಅದೇ ಹೆಚ್ಚು ಸಿಗುತ್ತದೆ, ಅದೇ ಮರುವರ್ಷದ ಬಿತ್ತನೆಗೂ ಹೋಗುತ್ತದೆ. ಕಾಳು ಕಳಚಿದ ಗಾಯ ನುಣುಪಾಗಿದ್ದರೆ ಅದು ತಾನೇ ಉದುರಿದ ಕಾಡಿನದು, ಒರಟಾಗಿ ಹರಿದಿದ್ದರೆ ಒಕ್ಕಣೆಯಲ್ಲಿ ಬಡಿದು ಬಿಡಿಸಿದ್ದು ಎಂದು ಸೂಕ್ಷ್ಮದರ್ಶಕದಡಿ ಹೇಳಬಹುದು. ಪಶ್ಚಿಮ ಏಷ್ಯಾದ ನೆಲೆಗಳಲ್ಲಿ ಒರಟು ಗಾಯಗಳು ಬಹುಪಾಲಾಗಲು ಎರಡು ಸಾವಿರ ವರ್ಷಗಳೇ ಹಿಡಿದವು. ಹಾಗಾಗಿ ಇದನ್ನು ಕ್ರಾಂತಿ ಎನ್ನಲು ನನಗೆ ಮನಸ್ಸು ಬಾರದು; ಎಂಬತ್ತು ತಲೆಮಾರು ಬಾಳಿ ಹೋದವರಲ್ಲಿ ಯಾರಿಗೂ ತಾವು ಏನನ್ನೋ ಬಿಡುತ್ತಿದ್ದೇವೆ ಎಂದು ಅನ್ನಿಸಿರಲಾರದು.

ಬೇಟೆಯ ವಿಷಯವೂ ಹೀಗೆಯೇ. ಅಬು ಹುರೇರಾದಲ್ಲಿ ಮಣ್ಣಿನ ಇಟ್ಟಿಗೆಯ ಮನೆಗಳು ಎದ್ದು, ಗೋಧಿ, ಬಾರ್ಲಿ, ಬೇಳೆಕಾಳುಗಳ ಬೇಸಾಯ ಊರಿದ ಮೇಲೂ, ಸುಮಾರು ಸಾವಿರ ವರ್ಷ ಮೂಳೆಗಳ ರಾಶಿಯಲ್ಲಿ ಗೆಜೆಲ್‌ನದೇ ಮೇಲುಗೈ. ಆಮೇಲೆ ಅದು ತಟ್ಟನೆ ಇಳಿದು ಕುರಿ, ಮೇಕೆ ಆ ಜಾಗಕ್ಕೆ ಬಂದವು. ಬಹುಶಃ ಹುಲ್ಲೆಯ ಹಿಂಡುಗಳೇ ಕರಗಿದ್ದವು. ಅಷ್ಟರಲ್ಲಿ ಊರಿನ ಜನ ಸಾವಿರಗಳ ಲೆಕ್ಕಕ್ಕೆ ಏರಿದ್ದರು. ಕೂತಲ್ಲೇ ಬಾಳುವ ತಾಯಿಗೆ ಕೂಸನ್ನು ಹೊತ್ತು ನಡೆಯುವ ಹಂಗಿಲ್ಲ, ಎಳೆಮಗುವಿಗೆ ಗಂಜಿಯೂ ಇದೆ, ಹೆರಿಗೆಗಳ ನಡುವಿನ ಅಂತರ ಕಿರಿದಾಗುತ್ತದೆ. ಅಷ್ಟು ಬಾಯಿಗಳನ್ನು ಕಾಡು ಮತ್ತೆ ಸಾಕಲಾರದು.

ಇದರ ಬೆಲೆಯನ್ನು ತೆತ್ತವರ ಮೂಳೆಗಳನ್ನು ಮೂಳೆತಜ್ಞೆ ತೀಯಾ ಮಾಲಿಸನ್ ಪರೀಕ್ಷಿಸಿದರು. ಕಾಲ್ಬೆರಳು ಮಡಚಿ, ಮಂಡಿಯೂರಿ, ಅರೆಯುವ ಕಲ್ಲಿನ ಮೇಲೆ ದಿನವೂ ಗಂಟೆಗಟ್ಟಲೆ ಮುಂದಕ್ಕೂ ಹಿಂದಕ್ಕೂ ಬಾಗಿದ್ದರಿಂದ ಕಾಲಿನ ಹೆಬ್ಬೆರಳಿನ ಕೀಲು ಸವೆದಿತ್ತು, ಬೆನ್ನಿನ ಕೊನೆಯ ಎಲುಬು ನಲುಗಿತ್ತು. ಈ ಗುರುತುಗಳು ಹೆಚ್ಚಾಗಿ ಕಂಡದ್ದು ಹೆಂಗಸರಲ್ಲಿ.