ಕನಸಿನಲ್ಲಿ ಬಂದು ಗದರುವ ಅಪ್ಪ ಯಾರು?

ನಿನ್ನೆ ಸಂಜೆ ಸ್ನೇಹಿತರೆಲ್ಲ ಸೇರಿದ್ದೆವು. ಅಲ್ಲಿ ಕೇಳಿದ ಒಂದು ಮಾತಿನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಐವತ್ತು ದಾಟಿದ ಗೆಳತಿಯೊಬ್ಬಳು, ತೀರಿಹೋಗಿ ನಾಲ್ಕು ವರ್ಷವಾದ ತನ್ನ ತಂದೆ ಕಳೆದ ತಿಂಗಳಿಂದ ಮತ್ತೆ ಮತ್ತೆ ಕನಸಿನಲ್ಲಿ ಬಂದು, ಹಳೆಯ ಮನೆಯ ಹೊಸ್ತಿಲಲ್ಲಿ ನಿಂತು, ‘ನೀನು ನನ್ನನ್ನು ಕೈಬಿಟ್ಟೆ’ ಎಂದು ಸಿಟ್ಟಾಗುತ್ತಾರೆ ಎಂದು ಹೇಳಿ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಕ್ಷಣವೂ ಯೋಚಿಸದೆ, ‘ನಿಮ್ಮಿಂದ ಅವರಿಗೆ ಏನೋ ನೋವಾಗಿರಬೇಕಮ್ಮ, ಇಲ್ಲದಿದ್ದರೆ ಅವರೇಕೆ ಹಾಗೆ ಬರುತ್ತಾರೆ?’ ಎಂದುಬಿಟ್ಟರು. ಹಾಸಿಗೆ ಹಿಡಿದಿದ್ದ ತಂದೆಯನ್ನು ಎರಡು ವರ್ಷ ಒಬ್ಬಳೇ ನೋಡಿಕೊಂಡ ಹೆಣ್ಣುಮಗಳು ಆ ಮಾತಿಗೆ ತಲೆಯಾಡಿಸಿದ್ದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ಆದರೂ ಅಲ್ಲಿ ನಾನು ಸುಮ್ಮನಿದ್ದೆ. ಹೇಳಬೇಕಾಗಿದ್ದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕನಸಿನ ಅಪ್ಪ ನಮ್ಮ ಅಪ್ಪನ ಬಗ್ಗೆ ಸಾಕ್ಷಿ ಹೇಳಲು ಬಂದವರಲ್ಲ. ಆ ಮುಖ ಅವರದು, ಆ ನಿಲುವು ಅವರದು, ಆದರೆ ಆ ತೀರ್ಪು ನಮ್ಮದು. ನಮ್ಮೊಳಗೆ ಕುಳಿತು ‘ಸಾಲದು, ತಪ್ಪಾಯಿತು, ಯಾರನ್ನು ಕೇಳಿ ಮಾಡಿದೆ’ ಎಂದು ಹಗಲೆಲ್ಲ ಗೊಣಗುವ ಒಂದು ಅಧಿಕಾರದ ದನಿ ಇದೆ. ರಾತ್ರಿ ಅದಕ್ಕೊಂದು ದೇಹ ಬೇಕಾದಾಗ, ನಾವು ಬದುಕಿನಲ್ಲಿ ಮೊದಲು ಕಂಡ ಅಧಿಕಾರದ ಮುಖವನ್ನೇ ಅದು ತೊಟ್ಟುಕೊಂಡು ಬರುತ್ತದೆ.

ಇದನ್ನು ನಾನು ಕಲಿತದ್ದು ನನ್ನ ಕನಸಿನಿಂದಲೇ. ಕಟ್ಟಡಗಳ ವಿನ್ಯಾಸದ ಲೆಕ್ಕಗಳನ್ನು ಪರಿಶೀಲಿಸುವುದು ನನ್ನ ಕೆಲಸ, ನನ್ನ ಅಪ್ಪ ಹೋಗಿ ಒಂಬತ್ತು ವರ್ಷವಾಯಿತು, ಇವೆರಡೂ ನಿಮಗೆ ಗೊತ್ತಿರುವ ಸಂಗತಿಗಳು. ನಿಮಗೆ ಗೊತ್ತಿಲ್ಲದ್ದೇನೆಂದರೆ, ಅವರು ಹೋದ ಮೂರನೆಯ ವರ್ಷದಿಂದ ಒಂದೇ ಕನಸು ನನಗೆ ಬೀಳುತ್ತಿತ್ತು. ಉದ್ದನೆಯ ಮೇಜಿನ ಆ ತುದಿಯಲ್ಲಿ ಅಪ್ಪ ಕುಳಿತಿರುತ್ತಾರೆ. ನಾನು ಸಹಿ ಮಾಡಿದ ಹಾಳೆಗಳನ್ನು ಒಂದೊಂದಾಗಿ ತಿರುವುತ್ತಾರೆ. ತಲೆಯೆತ್ತದೆ, ‘ಇಷ್ಟಕ್ಕೇ ಇಷ್ಟು ಹೊತ್ತು ಬೇಕಾಯಿತೇ?’ ಎನ್ನುತ್ತಾರೆ. ಎಚ್ಚರವಾದಾಗ ನನಗೆ ಹತ್ತು ವರ್ಷದ ಮಗುವಿನ ಭಯವಿರುತ್ತಿತ್ತು. ಅಪ್ಪನಿಗೆ ನನ್ನ ಮೇಲೆ ಕೊನೆಯವರೆಗೂ ಅಸಮಾಧಾನವಿತ್ತು ಎಂದು ನಾನೂ ವರ್ಷಗಟ್ಟಲೆ ನಂಬಿದ್ದೆ.

ಒಮ್ಮೆ ಸುಮ್ಮನೆ ಕುಳಿತು ಆ ವಾಕ್ಯವನ್ನು ಕಾಗದದ ಮೇಲೆ ಬರೆದಾಗ, ಅದು ಅಪ್ಪನ ಮಾತಿನಂತೆ ಇಲ್ಲವೇ ಇಲ್ಲ ಎಂಬುದು ಹೊಳೆಯಿತು. ನನ್ನ ಅಪ್ಪನ ಸಿಟ್ಟು ಮೌನದ ಸಿಟ್ಟು. ಕೋಪ ಬಂದರೆ ಎರಡು ದಿನ ಮಾತು ಬಿಡುತ್ತಿದ್ದರೇ ಹೊರತು ಹೀಗೆ ಕೊಂಕು ಪ್ರಶ್ನೆ ಕೇಳಿದವರಲ್ಲ. ತೊಲೆ ಕಂಬಗಳ ಲೆಕ್ಕ ಅವರಿಗೆ ತಿಳಿಯುತ್ತಿರಲಿಲ್ಲ, ನನ್ನ ಹಾಳೆಗಳನ್ನು ಅವರು ಎಂದೂ ಕೈಯಲ್ಲಿ ಹಿಡಿದವರೂ ಅಲ್ಲ. ಹಾಗಾದರೆ ಆ ವಾಕ್ಯ ಯಾರದು? ಉತ್ತರ ಸಿಕ್ಕಿದಾಗ ನನಗೆ ಬಹಳ ನಾಚಿಕೆಯಾಯಿತು. ಹಿಂದಿನ ಮಧ್ಯಾಹ್ನವಷ್ಟೇ, ನನ್ನ ಕೈಕೆಳಗೆ ಕೆಲಸ ಮಾಡುವ ಹುಡುಗನೊಬ್ಬ ನಾಲ್ಕು ದಿನ ಶ್ರಮಪಟ್ಟು ತಂದ ಲೆಕ್ಕವನ್ನು ತಿರುವುತ್ತ, ತಲೆಯೆತ್ತದೆ, ಅದೇ ಮಾತನ್ನು ನಾನು ಆಡಿದ್ದೆ. ಕನಸಿನಲ್ಲಿ ಮೇಜಿನ ಆ ತುದಿಯಲ್ಲಿದ್ದದ್ದೂ ನಾನೇ, ಈ ತುದಿಯಲ್ಲಿ ನಡುಗುತ್ತಿದ್ದದ್ದೂ ನಾನೇ.

ಅಂದಿನಿಂದ ಹಾಸಿಗೆಯ ಪಕ್ಕದಲ್ಲಿ ಒಂದು ಪುಸ್ತಕ ಇಟ್ಟುಕೊಂಡೆ. ಎದ್ದ ಕೂಡಲೇ, ಹಾಸಿಗೆ ಬಿಡುವ ಮೊದಲೇ ಬರೆಯಬೇಕು. ಸ್ವಲ್ಪ ಹೊತ್ತು ಬಿಟ್ಟರೆ ಕನಸು ಕರಗುತ್ತದೆ, ಉಳಿದದ್ದಕ್ಕೆ ನಮ್ಮ ವ್ಯಾಖ್ಯಾನ ಅಂಟಿಕೊಳ್ಳುತ್ತದೆ. ಅಪ್ಪ ಬಾಯಿಬಿಟ್ಟು ಆಡಿದ ಮಾತು ಒಂದು ಸಾಲಿನಲ್ಲಿ, ನನಗೆ ಅನಿಸಿದ್ದು ಬೇರೆ ಸಾಲಿನಲ್ಲಿ, ಹಿಂದಿನ ದಿನ ಏನು ನಡೆದಿತ್ತು ಎಂಬುದು ಅದರ ಕೆಳಗೆ. ಹದಿನಾಲ್ಕು ತಿಂಗಳಲ್ಲಿ ಆ ಕನಸು ಹನ್ನೊಂದು ಸಲ ಬಂದಿತ್ತು. ತಪ್ಪು ಮಾಡಿದ ದಿನಗಳಂದು ಅದು ಬರುತ್ತದೆ ಎಂದುಕೊಂಡಿದ್ದೆ. ಆದರೆ ಎಂಟು ಸಲ ಅದು ಬಂದದ್ದು ದೊಡ್ಡ ಕೆಲಸವೊಂದನ್ನು ಚೆನ್ನಾಗಿ ಮುಗಿಸಿದ ರಾತ್ರಿ. ಯಾರೋ ಹೊಗಳಿದ ದಿನವೇ ಒಳಗಿನ ಅಧಿಕಾರಿ ಕಡತ ತೆರೆಯುತ್ತಿದ್ದ.

ಇದು ನನ್ನೊಬ್ಬಳ ವಿಚಿತ್ರವಲ್ಲ. ಮನೋವಿಶ್ಲೇಷಣೆಯನ್ನು ಹುಟ್ಟುಹಾಕಿದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ಅವರ ತಂದೆ ತೀರಿಕೊಂಡದ್ದು 1896ರ ಅಕ್ಟೋಬರ್‌ನಲ್ಲಿ. ಕನಸುಗಳ ಕುರಿತ ಅವರ ಪ್ರಸಿದ್ಧ ಗ್ರಂಥ ಹೊರಬಂದದ್ದು 1899ರ ಕೊನೆಯಲ್ಲಿ. ಆ ಗ್ರಂಥವು ತಂದೆಯ ಸಾವಿಗೆ ತನ್ನ ಪ್ರತಿಕ್ರಿಯೆಯಾಗಿತ್ತು ಎಂಬುದು ಬರೆದು ಮುಗಿಸಿದ ಮೇಲಷ್ಟೇ ತನಗೆ ಅರ್ಥವಾಯಿತು ಎಂದು ಅವರು 1908ರಲ್ಲಿ ಎರಡನೆಯ ಮುದ್ರಣಕ್ಕೆ ಬರೆದ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾರೆ. ಅದರೊಳಗೆ ಒಂದು ಬಾಲ್ಯದ ಘಟನೆಯಿದೆ. ಏಳೆಂಟು ವರ್ಷದ ಹುಡುಗ ಒಂದು ರಾತ್ರಿ ಹೆತ್ತವರ ಕೋಣೆಯಲ್ಲಿ ಅವರ ಎದುರಿಗೇ ಮೂತ್ರ ಮಾಡಿದಾಗ, ‘ಈ ಹುಡುಗ ಯಾವ ಕೆಲಸಕ್ಕೂ ಬಾರದವನಾಗುತ್ತಾನೆ’ ಎಂಬ ಅರ್ಥದ ಮಾತು ತಂದೆಯ ಬಾಯಿಂದ ಬಂದಿತ್ತು. ಆ ದೃಶ್ಯದ ನೆರಳು ದೊಡ್ಡವನಾದ ಮೇಲೂ ತನ್ನ ಕನಸುಗಳಲ್ಲಿ ಮರಳಿ ಮರಳಿ ಬರುತ್ತದೆ, ಪ್ರತಿ ಸಲವೂ ಅದರ ಜೊತೆಗೆ ತನ್ನ ಸಾಧನೆಗಳ ಪಟ್ಟಿ ಬರುತ್ತದೆ, ‘ನೋಡು, ನಾನು ಏನೋ ಒಂದು ಆಗಿದ್ದೇನಲ್ಲ’ ಎಂದು ಹೇಳುವಂತೆ, ಎಂದು ಅವರು ಬರೆಯುತ್ತಾರೆ. ನಲವತ್ತು ದಾಟಿದ ವೈದ್ಯನೊಬ್ಬ, ತಂದೆ ಹೋದ ಮೇಲೆಯೂ, ಬಾಲ್ಯದ ಒಂದು ರಾತ್ರಿಯ ಮಾತಿಗೆ ಕನಸಿನಲ್ಲಿ ಉತ್ತರ ಕೊಡುತ್ತಲೇ ಇದ್ದರು. ಸಿಟ್ಟಿನ ಭರದಲ್ಲಿ ಆಡಿದ ಆ ಒಂದು ಮಾತನ್ನು ಅಷ್ಟು ವರ್ಷ ಕಾಪಾಡಿಕೊಂಡು ಬಂದವರು ತಂದೆಯಲ್ಲ, ಮಗ.

ಈ ಒಳಗಿನ ಅಧಿಕಾರಕ್ಕೆ ಫ್ರಾಯ್ಡ್ 1923ರಲ್ಲಿ ಸೂಪರ್ ಈಗೋ ಎಂಬ ಹೆಸರು ಕೊಟ್ಟರು. ಹತ್ತು ವರ್ಷದ ನಂತರ, 1933ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ಅವರು ಸೇರಿಸಿದ ಮಾತು ನನ್ನನ್ನು ಅಲುಗಾಡಿಸಿತು. ಮಗುವಿನ ಈ ಒಳದನಿ ಹೆತ್ತವರ ಮಾದರಿಯಲ್ಲಿ ರೂಪುಗೊಳ್ಳುವುದಿಲ್ಲ, ಹೆತ್ತವರ ಒಳದನಿಯ ಮಾದರಿಯಲ್ಲಿ ರೂಪುಗೊಳ್ಳುತ್ತದೆ ಎಂಬುದು ಅವರ ವಾದ. ಅಂದರೆ ಅಪ್ಪ ಹೇಗೆ ನಡೆದುಕೊಂಡರು ಎಂಬುದಕ್ಕಿಂತ, ಅಪ್ಪ ಒಳಗೊಳಗೇ ಯಾರಿಗೆ ಹೆದರುತ್ತಿದ್ದರು ಎಂಬುದು ನಮಗೆ ದಾಟುತ್ತದೆ. ಮೌನಿಯಾಗಿದ್ದ ನನ್ನ ಅಪ್ಪನಿಂದ ಇಷ್ಟು ಕಟುವಾದ ತೀರ್ಪುಗಾರ ನನ್ನೊಳಗೆ ಹೇಗೆ ಬಂದ ಎಂದು ತಿಳಿಯದೆ ಒಮ್ಮೆ ಅತ್ತೆಯನ್ನು, ಅಪ್ಪನ ಅಕ್ಕನನ್ನು, ಕೇಳಿದ್ದೆ. ‘ನಿಮ್ಮಪ್ಪ ಏನು ಮಾಡಿದರೂ ನಿಮ್ಮ ಅಜ್ಜನಿಗೆ ಅದು ಸಾಲುತ್ತಿರಲಿಲ್ಲ ಕಣೇ, ಅವನು ತಂದು ತೋರಿಸುವುದನ್ನೇ ಬಿಟ್ಟುಬಿಟ್ಟ’ ಎಂದರು. ನನ್ನ ಕನಸಿನ ಮೇಜಿಗೆ ನನ್ನ ಅಪ್ಪನೂ ಹಿಂದೊಮ್ಮೆ ಹಾಳೆ ಹಿಡಿದು ಬಂದವರೇ ಎಂದು ತಿಳಿದ ದಿನ ನಾನು ಬಹಳ ಹೊತ್ತು ಅತ್ತೆ.

ಕನಸಿಗೆ ಇಷ್ಟೆಲ್ಲ ಅರ್ಥ ಹಚ್ಚುವುದು ಅತಿಯಾಯಿತು, ಅದು ನಿದ್ರೆಯಲ್ಲಿ ಮಿದುಳು ಮಾಡುವ ಗದ್ದಲವಷ್ಟೇ ಎಂದು ಕೆಲವರು ಹೇಳುತ್ತೀರಿ. ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ ರೆಮ್ ನಿದ್ರೆಯಲ್ಲಿ ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲಾ ಎಂಬ ಮಿದುಳಿನ ಭಾಗ ಚುರುಕಾಗಿರುತ್ತದೆ, ತರ್ಕಕ್ಕೆ ಬೇಕಾದ ಮುಂಭಾಗದ ಕೆಲವು ಪ್ರದೇಶಗಳು ಮಂಕಾಗಿರುತ್ತವೆ ಎಂಬುದು ನಿಜ. ತೀರಿಹೋದವರು ಎದುರಿಗೆ ಕುಳಿತಿದ್ದರೂ ನಮಗೇಕೆ ಆಶ್ಚರ್ಯವಾಗುವುದಿಲ್ಲ, ಸಣ್ಣ ಗದರಿಕೆಯೂ ಏಕೆ ಪ್ರಳಯದಂತೆ ಕಾಣುತ್ತದೆ ಎಂಬುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಆದರೆ ಭಯದ ಪ್ರಮಾಣವನ್ನು ವಿವರಿಸಿದ ಮಾತ್ರಕ್ಕೆ, ಅದೇ ಮುಖ ಅದೇ ವಾಕ್ಯ ಹನ್ನೊಂದು ಸಲ ಬಂದದ್ದೇಕೆ ಎಂಬುದು ವಿವರವಾಗುವುದಿಲ್ಲ. ಫ್ರಾಯ್ಡ್ ಹೇಳಿದ್ದನ್ನೆಲ್ಲ ನಾನು ಒಪ್ಪುವುದೂ ಇಲ್ಲ. ಪ್ರತಿ ಕನಸಿನಲ್ಲೂ ಒಂದು ಬಯಕೆ ಈಡೇರುತ್ತದೆ ಎಂಬ ಅವರ ಹಟ ನನ್ನ ಪುಸ್ತಕದ ಪುಟಗಳಿಗೆ ಹೊಂದುವುದಿಲ್ಲ. ನನಗೆ ಬೇಕಾದದ್ದು ಅದಕ್ಕಿಂತ ಸಣ್ಣ ಸಂಗತಿ: ಕನಸಿನ ಮಾತನ್ನು ಬರೆದವರು ಕನಸು ಕಂಡವರೇ.

ಒಂದು ಎಲ್ಲೆಯನ್ನು ಮಾತ್ರ ಇಲ್ಲಿ ಗಟ್ಟಿಯಾಗಿ ಹೇಳಬೇಕು. ನಿಜವಾಗಿಯೂ ಹೊಡೆದು ಬಡಿದು ಹಿಂಸಿಸಿದ ತಂದೆಯನ್ನು ಕಂಡವರಿಗೆ ‘ಅದು ನಿನ್ನದೇ ದನಿ’ ಎಂದು ಯಾರೂ ಹೇಳಕೂಡದು. ನಡೆದ ಘಟನೆಯೇ ಹಾಗೆಹಾಗೆಯೇ ಮರುಕಳಿಸಿ, ಮಲಗಲು ಹೆದರಿಕೆಯಾಗುವಷ್ಟು ನಿದ್ರೆ ಕೆಟ್ಟಿದ್ದರೆ ಅದು ಗಾಯದ ನೆನಪು, ಅದಕ್ಕೆ ತಜ್ಞರ ನೆರವು ಬೇಕು. ದುಃಸ್ವಪ್ನದ ಕೊನೆಯನ್ನು ಹಗಲಿನಲ್ಲಿ ಬೇರೆ ರೀತಿಯಲ್ಲಿ ಬರೆದು, ಬದಲಾದ ಆ ಕಥೆಯನ್ನು ದಿನಕ್ಕೆ ಕೆಲವು ನಿಮಿಷ ಮನಸ್ಸಿನಲ್ಲಿ ಅಭ್ಯಾಸ ಮಾಡಿಸುವ ಚಿಕಿತ್ಸೆಯೊಂದು ಇದೆ, ಹಲವರಿಗೆ ಅದರಿಂದ ಪ್ರಯೋಜನವಾಗಿದೆ. ನಿನ್ನೆಯ ಹಿರಿಯರಿಗೆ ಈ ವ್ಯತ್ಯಾಸವನ್ನು ವಿಚಾರಿಸುವ ತಾಳ್ಮೆಯೂ ಇರಲಿಲ್ಲ. ತಂದೆ ಹೇಗಿದ್ದರು, ಏನೆಂದರು, ಯಾವಾಗಿನಿಂದ ಬರುತ್ತಿದ್ದಾರೆ, ಒಂದನ್ನೂ ಕೇಳದೆ ತಪ್ಪಿತಸ್ಥೆ ಎಂದು ತೀರ್ಮಾನಿಸಿಬಿಟ್ಟರು. ಒಳಗಿನ ದನಿ ಮಾಡುವುದೂ ಅದನ್ನೇ. ಹೊರಗಿನವರು ಅದರ ಪರವಾಗಿ ವಾದಿಸುವ ಅಗತ್ಯವಿಲ್ಲ.

ಈ ಬೆಳಿಗ್ಗೆ ಆ ಗೆಳತಿಗೆ ಫೋನ್ ಮಾಡಿದೆ. ಕನಸು ಮೊದಲು ಬಿದ್ದ ದಿನ ಯಾವುದೆಂದು ಕೇಳಿದೆ. ಸ್ವಲ್ಪ ಯೋಚಿಸಿ, ಹಳೆಯ ಮನೆಯನ್ನು ಮಾರುವ ಪತ್ರಕ್ಕೆ ಸಹಿ ಹಾಕಿದ ರಾತ್ರಿ ಎಂದಳು. ಮನೆಯನ್ನು ಮಾರಬಾರದೆಂದು ಅವರು ಎಂದಾದರೂ ಹೇಳಿದ್ದರೇ ಎಂದರೆ, ಇಲ್ಲ, ನಿನಗೆ ಭಾರವಾದರೆ ಮಾರಿಬಿಡು ಮಗಳೇ ಎಂದು ಅವರೇ ಎರಡು ಸಲ ಹೇಳಿದ್ದರು ಎಂದಳು. ಆಮೇಲೆ ನಾನು, ಕನಸಿನಲ್ಲಿ ಅವರು ಬಾಯಿಬಿಟ್ಟು ಆಡಿದ ಮಾತನ್ನು ಮಾತ್ರ, ಒಂದಕ್ಷರ ಹೆಚ್ಚಿಲ್ಲದಂತೆ ಹೇಳು ಎಂದೆ.

ಬಹಳ ಹೊತ್ತು ಆ ಕಡೆಯಿಂದ ಸದ್ದಿರಲಿಲ್ಲ.

‘ಮಾತೇನೂ ಆಡಲಿಲ್ಲ’ ಎಂದಳು. ‘ಹೊಸ್ತಿಲಲ್ಲಿ ನಿಂತು ನನ್ನನ್ನು ನೋಡಿದರು, ಅಷ್ಟೇ. ಉಳಿದದ್ದನ್ನು ನಾನೇ ಸೇರಿಸಿಕೊಂಡೆ ಅನಿಸುತ್ತದೆ.’