ಫೋಟೊದಲ್ಲಿ ಮುಖ ನಿಮ್ಮದು, ಹಕ್ಕು ಯಾರದು?

“ಫೋಟೊದಲ್ಲಿ ಯಾರ ಮುಖವಿದೆಯೋ ಕಾಪಿರೈಟ್ ಅವರದೇ, ಎಲ್ಲಿ ಬೇಕಾದರೂ ಬಳಸಬಹುದು ಎಂಬ ಸಂದೇಶ ನಿಜವೇ?”

ನಿಜವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವರು. ಸಾಮಾನ್ಯವಾಗಿ ಮೊದಲ ಹಕ್ಕೂ ಅವರದೇ. ಆದರೆ 17ನೇ ಕಲಮಿನಂತೆ, ಒಬ್ಬರು ಹಣ ಕೊಟ್ಟು ತೆಗೆಸಿದ ಚಿತ್ರದ ಮೊದಲ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರಿಗೆ ಸೇರುತ್ತದೆ.

ಮುಂಬಯಿಯ ಮಾಟುಂಗಾದ ಒಂದು ಮದುವೆಯನ್ನು ಊಹಿಸಿಕೊಳ್ಳಿ. ವಧುವಿನ ತಂದೆ ಸ್ಟುಡಿಯೊವನ್ನು ಗೊತ್ತುಮಾಡಿ ಹಣ ಕೊಟ್ಟಿದ್ದರೆ ಆ ಚಿತ್ರಗಳ ಹಕ್ಕು ಅವರದು, ವಧುವಿನದೂ ಅಲ್ಲ. ಅವರ ಅನುಮತಿಯಿಲ್ಲದೆ ಸ್ಟುಡಿಯೊ ಅವುಗಳನ್ನು ಜಾಹೀರಾತಿಗೆ ಹಾಕುವಂತಿಲ್ಲ. ಆದರೆ ಬುಕಿಂಗ್ ರಸೀದಿಯ ಹಿಂದೆ ಸಣ್ಣ ಅಕ್ಷರಗಳಲ್ಲಿ “ಹಕ್ಕು ಸ್ಟುಡಿಯೊದ್ದು” ಎಂಬ ಷರತ್ತಿದ್ದು, ಅದಕ್ಕೆ ಸಹಿ ಹಾಕಿದ್ದರೆ ಲೆಕ್ಕ ತಿರುಗಬಹುದು. ಮುಂಗಡ ಕೊಡುವ ಮೊದಲೇ ಅದನ್ನು ದಯವಿಟ್ಟು ಓದಿ. ಅದೇ ಮಂಟಪದಲ್ಲಿ ಗೆಳತಿ ಪ್ರೀತಿಯಿಂದ ತೆಗೆದ ಚಿತ್ರ ಗೆಳತಿಯದೇ. ಅದನ್ನು ಪತ್ರಿಕೆಗೋ ಅಂಗಡಿಯ ಫಲಕಕ್ಕೋ ಕೊಡುವುದಾದರೆ, ಎಲ್ಲಿ, ಎಷ್ಟು ಕಾಲ ಬಳಸುತ್ತೀರೆಂದು ತಿಳಿಸಿ ಆಕೆಯಿಂದ ಲಿಖಿತ ಅನುಮತಿ ಪಡೆಯಬೇಕು.